ಅಪ್ಪನ ಊಟದ ಟೈಮ್‌ಟೇಬಲ್

ನಮ್ಮ ಕ್ಲಾಸಲ್ಲಿ ಹೆಚ್ಚಿನವರ ಅಪ್ಪಂದಿರಿಗೆ 50 ಆಸುಪಾಸು ವಯಸ್ಸು. ನಮ್ಮಪ್ಪನಿಗೆ 66. ಇಬ್ಬರು ಅಕ್ಕಂದಿರಾದ ಮೇಲೆ ತುಂಬಾ ತಡವಾಗಿ ಹುಟ್ಟಿದವನು ನಾನು. ಪೇರೆಂಟ್ಸ್ ಮೀಟಿಂಗಿಗೆ ಅಪ್ಪ ಬಂದಾಗಲೆಲ್ಲ "ನಿಮ್ಮ ತಾತ ಬಂದಿದ್ದಾರೆ" ಅಂತ ಯಾರಾದ್ರೂ ಹೇಳೇ ಹೇಳ್ತಿದ್ರು. ಅವರು ಹೈಸ್ಕೂಲಲ್ಲಿ ಗಣಿತದ ಮೇಷ್ಟ್ರಾಗಿದ್ದು ರಿಟೈರ್ ಆದವರು. ಶುಗರ್ ಬಂದು 14 ವರ್ಷ ಆಯ್ತು, ಬಿಪಿ ಅದಕ್ಕೂ ಮುಂಚಿನದು.

ಇಷ್ಟು ವರ್ಷ ಇದನ್ನೆಲ್ಲ ಅಮ್ಮ ನೋಡಿಕೊಳ್ತಿದ್ರು. ಮೂರನೇ ಸೆಮಿಸ್ಟರ್ ಶುರುವಾದ ವಾರವೇ ಚಿಕ್ಕಕ್ಕನ ಬಾಣಂತನಕ್ಕೆ ಅಂತ ಅಮ್ಮ ಹುಬ್ಬಳ್ಳಿಗೆ ಹೋದ್ರು. ಮೂರು ತಿಂಗಳು ಮನೇಲಿ ನಾನು ಮತ್ತು ಅಪ್ಪ, ಇಬ್ಬರೇ. ಹೋಗುವ ಮುಂಚೆ ಅಮ್ಮ ಒಂದು ಹಳೇ ಕ್ಯಾಲೆಂಡರಿನ ಹಿಂಭಾಗದಲ್ಲಿ ಟೈಮ್ ಬರೆದು ಫ್ರಿಜ್ ಮೇಲೆ ಅಂಟಿಸಿದ್ರು. 8ಕ್ಕೆ ಮಾತ್ರೆ, ತಿಂಡಿ. 11ಕ್ಕೆ ಒಂದು ಹಣ್ಣು. 1ಕ್ಕೆ ಊಟ. 4:30ಕ್ಕೆ ಸಕ್ಕರೆ ಇಲ್ಲದ ಕಾಫಿ, ಒಂದು ಹಿಡಿ ಹುರಿಗಡಲೆ. 8ಕ್ಕೆ ರಾತ್ರಿ ಊಟ, ಇನ್ನೊಂದು ಮಾತ್ರೆ. ಕೆಳಗೆ ದಪ್ಪ ಅಕ್ಷರದಲ್ಲಿ: "ಏನು ತಿಂತಾರೆ ಅನ್ನೋದಕ್ಕಿಂತ ಯಾವಾಗ ತಿಂತಾರೆ ನೋಡು."

ನಾನು ಇಂಗ್ಲಿಷ್ ಮೀಡಿಯಂ ಹುಡುಗ. ಹತ್ತನೇ ಕ್ಲಾಸ್ ಬಯಾಲಜಿಯಲ್ಲಿ ಡಯಾಬಿಟೀಸ್ ಬಗ್ಗೆ ಓದಿದ್ದೆ, ಪ್ಯಾಂಕ್ರಿಯಾಸ್ ಚಿತ್ರಾನೂ ಬರೆದಿದ್ದೆ. ಆದ್ರೆ ಊಟದ ಟೈಮಿಗೂ ಮಾತ್ರೆಗೂ ಇರೋ ಸಂಬಂಧ ಆ ಪುಸ್ತಕದಲ್ಲಿ ಇರಲಿಲ್ಲ. ಶುಗರ್ ಅಂದ್ರೆ ಸಿಹಿ ತಿನ್ನಬಾರದು, ಅಷ್ಟೇ ಅಂತ ನಮ್ಮಲ್ಲಿ ಬಹಳ ಜನ ಅಂದುಕೊಂಡಿರ್ತೀವಿ. ಇದನ್ನ ನಮ್ಮ ಭಾಷೇಲಿ ಹೇಳ್ತೀನಿ, ಬೇಗ ಅರ್ಥ ಆಗುತ್ತೆ.

ಆರೋಗ್ಯವಾಗಿರೋ ದೇಹ ಒಂದು ಕ್ಲೋಸ್ಡ್ ಲೂಪ್. ಊಟ ಮಾಡಿದ್ರೆ ರಕ್ತದಲ್ಲಿ ಗ್ಲೂಕೋಸ್ ಏರುತ್ತೆ, ಪ್ಯಾಂಕ್ರಿಯಾಸಿನ ಬೀಟಾ ಕೋಶಗಳು ಅದನ್ನ ಗುರುತಿಸಿ ಇನ್ಸುಲಿನ್ ಬಿಡ್ತವೆ, ಗ್ಲೂಕೋಸ್ ಇಳಿಯುತ್ತೆ, ಇನ್ಸುಲಿನ್ನೂ ಕಡಿಮೆಯಾಗುತ್ತೆ. ಸೆನ್ಸರ್ ಇದೆ, ಫೀಡ್‌ಬ್ಯಾಕ್ ಇದೆ. ಅಪ್ಪ ಬೆಳಿಗ್ಗೆ ತಗೊಳ್ಳೋ ಮಾತ್ರೇಲಿ ಎರಡು ಔಷಧ ಸೇರಿದೆ, ಮೆಟ್‌ಫಾರ್ಮಿನ್ ಮತ್ತು ಗ್ಲಿಮೆಪಿರೈಡ್. ಮೆಟ್‌ಫಾರ್ಮಿನ್ ಪಾಪದ್ದು. ಅದು ಮುಖ್ಯವಾಗಿ ಲಿವರ್ ಬಿಡುಗಡೆ ಮಾಡೋ ಗ್ಲೂಕೋಸನ್ನ ಕಡಿಮೆ ಮಾಡುತ್ತೆ. ಅದೊಂದನ್ನೇ ತಗೊಂಡ್ರೆ ಶುಗರ್ ಅಪಾಯದ ಮಟ್ಟಕ್ಕೆ ಇಳಿಯೋದು ಅಪರೂಪ. ಗ್ಲಿಮೆಪಿರೈಡ್ ಹಾಗಲ್ಲ. ಅದು ಬೀಟಾ ಕೋಶದ ಬಾಗಿಲನ್ನೇ ತಳ್ಳಿ ಇನ್ಸುಲಿನ್ ಹೊರಗೆ ಹಾಕಿಸುತ್ತೆ. ನೀವು ಉಂಡಿದ್ದೀರೋ ಇಲ್ಲವೋ ಅಂತ ಅದು ಕೇಳಲ್ಲ. ಬೆಳಿಗ್ಗೆ ನುಂಗಿದ ಒಂದು ಮಾತ್ರೆ ಹೆಚ್ಚುಕಡಿಮೆ ದಿನವಿಡೀ ಕೆಲಸ ಮಾಡ್ತಾನೇ ಇರುತ್ತೆ. ಅಂದ್ರೆ ಲೂಪ್ ಅರ್ಧ ಓಪನ್ ಆದ ಹಾಗೆ. ಟ್ಯಾಂಕಿಗೆ ನೀರು ಬರ್ತಿದೆಯೋ ಇಲ್ವೋ ನೋಡದೆ ಖಾಲಿ ಮಾಡೋ ಪಂಪ್ ಅದು. ಹಾಗಾಗಿ ನೀರು ಬಿಡೋ ಕೆಲಸ, ಅಂದ್ರೆ ಊಟ, ಸರಿಯಾದ ಟೈಮಿಗೆ ಆಗ್ಲೇಬೇಕು. ಅಮ್ಮ ಫ್ರಿಜ್ ಮೇಲೆ ಬರೆದಿದ್ದರ ಅರ್ಥ ಇದು.

ನಿಮ್ಮ ಮನೇಲೂ ಶುಗರ್ ಇರೋ ಹಿರಿಯರಿದ್ರೆ ಇವತ್ತೇ ಮಾತ್ರೆ ಸ್ಟ್ರಿಪ್ಪಿನ ಹಿಂದೆ ಏನು ಬರೆದಿದೆ ನೋಡಿ. ಗ್ಲಿಮೆಪಿರೈಡ್, ಗ್ಲಿಕ್ಲಜೈಡ್, ಗ್ಲಿಬೆನ್‌ಕ್ಲಮೈಡ್, ಇವೆಲ್ಲ ಒಂದೇ ಗುಂಪಿನವು. ಇವುಗಳಲ್ಲಿ ಯಾವುದಾದ್ರೂ ಇದ್ರೆ, ಅಥವಾ ಇನ್ಸುಲಿನ್ ಚುಚ್ಚಿಕೊಳ್ತಿದ್ರೆ, ಊಟ ತಡ ಆಗೋದು ಅಲ್ಲಿ ಬರೀ ಹಸಿವಿನ ವಿಷಯ ಅಲ್ಲ.

ಮೊದಲ ತಿಂಗಳು ಸಲೀಸಾಗಿ ಹೋಯ್ತು. ಬೆಳಿಗ್ಗೆ ತಿಂಡಿ ಮಾಡಿ, ಮಧ್ಯಾಹ್ನಕ್ಕೆ ಅನ್ನ ಸಾರು ಪಲ್ಯ ಮಾಡಿಟ್ಟು 8:20ರ ಬಸ್ ಹಿಡೀತಿದ್ದೆ. ಲಂಚ್ ಬ್ರೇಕಲ್ಲಿ 1:05ಕ್ಕೆ ಫೋನ್. "ಊಟ ಆಯ್ತಾ ಅಪ್ಪ?" "ಬಡಿಸ್ಕೊಂಡಿದೀನಿ ಕಣೋ, ನೀನು ಫೋನ್ ಇಟ್ರೆ ತಿಂತೀನಿ." ಕ್ಯಾಂಟೀನಲ್ಲಿ ನನ್ನ ಫ್ರೆಂಡ್ಸ್ ಅದನ್ನ ರಿಂಗ್‌ಟೋನ್ ಮಾಡ್ಕೋ ಅಂತಿದ್ರು.

ಕಷ್ಟ ಬರೋದು ಟೈಮ್‌ಟೇಬಲ್ ಮುರಿಯೋ ದಿನ. ಒಪ್ಪತ್ತು, ಹಬ್ಬದ ಪೂಜೆ, ಬಸ್ ಪ್ರಯಾಣ, ಫಾಸ್ಟಿಂಗ್ ಬ್ಲಡ್ ಟೆಸ್ಟಿಗೆ ಲ್ಯಾಬಲ್ಲಿ ಕ್ಯೂ, ಎಲ್ಲಕ್ಕಿಂತ ಹೆಚ್ಚಾಗಿ ಮದುವೆ. ನಮಗೆ ಬಂದದ್ದು ಮದುವೆ.

ತಿಪಟೂರಲ್ಲಿ ದೊಡ್ಡಪ್ಪನ ಮೊಮ್ಮಗಳ ಮದುವೆ. ಅಪ್ಪ ಬೆಳಿಗ್ಗೆ 7:30ಕ್ಕೆ ಛತ್ರದಲ್ಲೇ ಮಾತ್ರೆ ತಗೊಂಡು ಸ್ವಲ್ಪ ಉಪ್ಪಿಟ್ಟು ತಿಂದ್ರು. ಗಣಿತದ ಮೇಷ್ಟ್ರು ಅಂತ ಅವರನ್ನ ಮುಯ್ಯಿ ಬರೆಯೋಕೆ ಕೂರಿಸಿದ್ರು, ಅದು ನಮ್ಮ ಕಡೆ ಎಲ್ಲಾ ಮದುವೇಲೂ ಅವರದೇ ಡ್ಯೂಟಿ. ಧಾರೆ ಮುಗಿದು 12:30ಕ್ಕೆ ಮೊದಲ ಪಂಕ್ತಿ ಕೂತಿತು. ಅಪ್ಪ ಏಳಲಿಲ್ಲ. ನಾವು ಹೆಣ್ಣಿನ ಕಡೆಯವರು, ಬೀಗರ ಊಟ ಆಗದೆ ಮನೆಯವರು ಎಲೆ ಮುಂದೆ ಕೂರೋದು ಅವರ ಪ್ರಕಾರ ಮರ್ಯಾದೆ ಅಲ್ಲ. ನಾನು ಎರಡು ಸಲ ಹೋಗಿ ಕರೆದೆ. ಎರಡನೇ ಸಲ ಒಂದು ಬಾಳೆಹಣ್ಣು ಕೈಗೆ ಕೊಟ್ಟೆ. ಅದನ್ನ ಪಕ್ಕದಲ್ಲಿ ಕೂತಿದ್ದ ಮಗುವಿಗೆ ಕೊಟ್ಟುಬಿಟ್ರು.

2:20ಕ್ಕೆ ಹೋದಾಗ ಅವರ ಷರಟಿನ ಬೆನ್ನು ಪೂರ್ತಿ ಒದ್ದೆ. ಫ್ಯಾನ್ ಕೆಳಗೇ ಕೂತಿದ್ದಾರೆ, ಅಕ್ಕಪಕ್ಕ ಯಾರೂ ಹಾಗೆ ಬೆವರಿಲ್ಲ. ಮುಟ್ಟಿದ್ರೆ ಚರ್ಮ ತಣ್ಣಗೆ, ಅಂಟಂಟು. ಮುಯ್ಯಿ ಪುಸ್ತಕ ನೋಡಿದೆ. 40 ವರ್ಷ ಬೋರ್ಡ್ ಮೇಲೆ ಬರೆದ ಕೈ, ಅಕ್ಷರ ಅಚ್ಚು ಹಾಕಿದ ಹಾಗಿರುತ್ತೆ. ಕೊನೇ ಹತ್ತು ಸಾಲು ಗೆರೆ ಬಿಟ್ಟು ಕೆಳಗೆ ಜಾರಿತ್ತು. ಒಂದೇ ಹೆಸರು ಎರಡು ಸಲ ಬರೆದಿದ್ರು. ಒಂದು ಕಡೆ 501 ಅನ್ನೋದು 5001 ಆಗಿತ್ತು. "ಅಪ್ಪ, ಏಳಿ" ಅಂದೆ. "ಸುಮ್ನಿರೋ, ತಲೆ ತಿನ್ಬೇಡ!" ಅಂತ ಅಷ್ಟು ಜನರ ಮುಂದೆ ಗದರಿದ್ರು. ಅಪ್ಪ ಮೇಷ್ಟ್ರಾದ್ರೂ ನನ್ನ ಮೇಲೆ ಹಾಗೆ ಕೂಗೋರಲ್ಲ.

ಸುತ್ತಲಿದ್ದವರು ಒಬ್ಬೊಬ್ಬರು ಒಂದೊಂದು ಹೇಳಿದ್ರು. ಸೆಕೆ ಅಂದ್ರು ಒಬ್ಬರು. ಬಿಪಿ ಏರಿದೆ ಅಂದ್ರು ಇನ್ನೊಬ್ಬರು. ಒಬ್ಬ ಅತ್ತೆ ದೃಷ್ಟಿ ತೆಗೆಯೋಕೆ ಉಪ್ಪು ಮೆಣಸಿನಕಾಯಿ ತರಿಸಿದ್ರು. ಒಬ್ಬ ಮಾವ ಮಾತ್ರ ಶುಗರ್ ಕಡಿಮೆಯಾಗಿರಬಹುದಾ ಅಂತ ಕೇಳಿ, ಆಮೇಲೆ ಅವರೇ "ಇಲ್ಲ, ಲೋ ಶುಗರ್ ಆದ್ರೆ ಕೈ ನಡುಗುತ್ತೆ, ಇವರ ಕೈ ನಡುಗ್ತಾ ಇಲ್ವಲ್ಲ" ಅಂತ ತೀರ್ಮಾನ ಕೊಟ್ರು.

ಇಲ್ಲೊಂದು ವಿಷಯ ಬಿಡಿಸಿ ಹೇಳಬೇಕು. ಗ್ಲೂಕೋಸ್ ಇಳಿದಾಗ ದೇಹ ಅಡ್ರಿನಲಿನ್ ಬಿಟ್ಟು ಅಲಾರಾಂ ಹೊಡೆಯುತ್ತೆ. ಕೈ ನಡುಕ, ಎದೆ ಡವಡವ, ಬೆವರು, ಹಸಿವು, ಇವು ಆ ಅಲಾರಾಂ. ಇನ್ನೂ ಇಳಿದ್ರೆ ಮೆದುಳಿಗೇ ಗ್ಲೂಕೋಸ್ ಸಾಲಲ್ಲ. ಆಗ ಸಿಟ್ಟು, ಗೊಂದಲ, ತೊದಲು, ಕಣ್ಣು ಮಂಜು, ಕೊನೆಗೆ ಫಿಟ್ಸ್ ಅಥವಾ ಪ್ರಜ್ಞೆ ತಪ್ಪೋದು. ಅಪ್ಪ ಬಿಪಿಗೆ ತಗೊಳ್ಳೋದು ಮೆಟೊಪ್ರೊಲಾಲ್, ಅದೊಂದು ಬೀಟಾ ಬ್ಲಾಕರ್. ಅದು ಅಡ್ರಿನಲಿನ್ನಿನ ಕೆಲಸಕ್ಕೆ ಅಡ್ಡ ಹಾಕೋ ಔಷಧ. ಹಾಗಾಗಿ ನಡುಕವೂ ಡವಡವವೂ ಮಂಕಾಗುತ್ತೆ. ಬೆವರು ಮಾತ್ರ ಬೇರೆ ನರದ ದಾರೀಲಿ ಬರೋದರಿಂದ ಹಾಗೇ ಉಳಿಯುತ್ತೆ. ಅಲಾರಾಂನ ಮೂರು ಲೈಟಲ್ಲಿ ಎರಡರ ಬಲ್ಬ್ ತೆಗೆದ ಹಾಗೆ. ವಯಸ್ಸಾದವರಲ್ಲಿ, ತುಂಬಾ ವರ್ಷದಿಂದ ಶುಗರ್ ಇರೋರಲ್ಲಿ ಈ ಅಲಾರಾಂ ತಾನಾಗೇ ಕೂಡ ದುರ್ಬಲ ಆಗಿರುತ್ತೆ. ಆದ್ದರಿಂದ ಅಪ್ಪನ ವಿಷಯದಲ್ಲಿ ನಾನು ನಡುಕಕ್ಕೆ ಕಾಯಲ್ಲ. ಕಾರಣ ಇಲ್ಲದ ಬೆವರು, ಕಾರಣ ಇಲ್ಲದ ಸಿಟ್ಟು, ಲೆಕ್ಕ ತಪ್ಪೋದು, ಈ ಮೂರನ್ನ ನೋಡ್ತೀನಿ. ನಿಮ್ಮ ಮನೆಯವರಲ್ಲಿ ಅದು ಬೇರೆ ಏನೋ ಇರಬಹುದು. ಹೇಳಿದ್ದೇ ಹೇಳೋದು, ಸುಮ್ಮನೆ ನೋಡ್ತಾ ಕೂರೋದು, ನಿಂತಲ್ಲಿ ತೂರಾಡೋದು.

ಗ್ಲೂಕೋಮೀಟರ್ ನನ್ನ ಬ್ಯಾಗಲ್ಲೇ ಇತ್ತು. ಚುಚ್ಚೋ ಮುಂಚೆ ಅವರ ಬೆರಳನ್ನ ನೀರಲ್ಲಿ ತೊಳೆದು ಒರೆಸಿದೆ. ಅದಕ್ಕೆ ಕಾರಣ ಇದೆ. ಬೆಳಿಗ್ಗೆಯಿಂದ ಬಂದವರಿಗೆಲ್ಲ ಕಲ್ಲುಸಕ್ಕರೆ ಹಂಚಿದ ಕೈ ಅದು. ಬೆರಳ ಮೇಲೆ ಸಿಹಿ ಅಂಟಿದ್ರೆ ಅದೂ ರಕ್ತದ ಹನಿಗೆ ಸೇರಿ ಮೀಟರ್ ಸುಳ್ಳು ಸುಳ್ಳೇ ಜಾಸ್ತಿ ತೋರಿಸುತ್ತೆ. ರೀಡಿಂಗ್ ಬಂದದ್ದು 51. 70ಕ್ಕಿಂತ ಕೆಳಗೆ ಹೋದ್ರೆ ಲೋ ಶುಗರ್, 54ಕ್ಕಿಂತ ಕೆಳಗೆ ಹೋದ್ರೆ ಗಂಭೀರ. ಮೀಟರ್ ಇರದಿದ್ರೆ ಏನು ಮಾಡಬೇಕು? ಅನುಮಾನ ಬಂದ್ರೆ ಸಕ್ಕರೆ ಕೊಡೋದೇ. ನಿಜವಾಗಿ ಲೋ ಅಲ್ಲದಿದ್ರೂ ಮೂರು ಚಮಚ ಸಕ್ಕರೆಯಿಂದ ಆಗೋ ನಷ್ಟ ಸಣ್ಣದು. ಲೋ ಆಗಿದ್ದು ಕೊಡದೇ ಹೋದ್ರೆ ಆಗೋದು ಸಣ್ಣದಲ್ಲ.

ಅಷ್ಟರಲ್ಲಿ ಒಬ್ಬರು ಮೈಸೂರ್ ಪಾಕ್ ಹಿಡಿದು ಬಂದ್ರು, ಇನ್ನೊಬ್ಬರು ಮಜ್ಜಿಗೆ. ಪ್ರೀತಿಯಿಂದ ತಂದದ್ದೇ. ಆದ್ರೆ ಮಜ್ಜಿಗೇಲಿ ಸಕ್ಕರೆ ಅಂಶ ತೀರಾ ಕಡಿಮೆ. ಮೈಸೂರ್ ಪಾಕಲ್ಲಿ ಸಕ್ಕರೆ ಇದೆ, ಜೊತೆಗೆ ತುಪ್ಪಾನೂ ಇದೆ. ಕೊಬ್ಬು ಇದ್ರೆ ಹೊಟ್ಟೆ ನಿಧಾನವಾಗಿ ಖಾಲಿಯಾಗುತ್ತೆ, ಸಕ್ಕರೆ ರಕ್ತಕ್ಕೆ ತಡವಾಗಿ ಸೇರುತ್ತೆ. ಚಾಕೊಲೇಟಿಗೂ ಇದೇ ಸಮಸ್ಯೆ. ಬೇಕಾಗಿರೋದು ಬರೀ ಸಕ್ಕರೆ, ನೀರಲ್ಲಿ ಕರಗಿದ್ದು. ಭಟ್ಟರ ಹತ್ತಿರ ಓಡಿ ಅರ್ಧ ಲೋಟ ನೀರಿಗೆ ಮೂರು ಟೀ ಚಮಚ ಸಕ್ಕರೆ ಹಾಕಿಸಿಕೊಂಡು ಬಂದೆ, ಅದು ಸುಮಾರು 15 ಗ್ರಾಂ. ಅಪ್ಪ ಎಚ್ಚರ ಇದ್ರು, ನುಂಗೋಕೆ ಆಗ್ತಿತ್ತು, ಹಾಗಾಗಿ ಕುಡಿಸಿದೆ. ಪ್ರಜ್ಞೆ ಇಲ್ಲದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ನೀರು ಕೂಡ. ಅದು ಶ್ವಾಸನಾಳಕ್ಕೆ ಇಳಿಯುತ್ತೆ. ಅಂಥವರನ್ನ ಪಕ್ಕಕ್ಕೆ ಹೊರಳಿಸಿ ಮಲಗಿಸಿ 108ಕ್ಕೆ ಫೋನ್ ಮಾಡಬೇಕು.

ಸಕ್ಕರೆ ನೀರು ಕುಡಿಸಿದ ಮೇಲೆ 15 ನಿಮಿಷ ಕಾಯಬೇಕು. ಹೇಳೋಕೆ ಸುಲಭ. ಆ 15 ನಿಮಿಷ ನನ್ನ ಜೀವನದಲ್ಲೇ ಉದ್ದದ್ದು, ಮ್ಯಾಥ್ಸ್ ಇಂಟರ್ನಲ್ಸ್ ಸೇರಿಸಿ ಹೇಳ್ತಿದೀನಿ. ಸುತ್ತ ನಿಂತವರೆಲ್ಲ ಇನ್ನಷ್ಟು ಕೊಡು, ಇನ್ನಷ್ಟು ಕೊಡು ಅಂತಾರೆ. ಆದ್ರೆ ಕೊಟ್ಟ ಸಕ್ಕರೆ ರಕ್ತದಲ್ಲಿ ಕಾಣಿಸೋಕೆ ಟೈಮ್ ಬೇಕು. ಡಿಲೇ ಇರೋ ಸಿಸ್ಟಮ್ಮಿಗೆ ರೆಸ್ಪಾನ್ಸ್ ಬರೋ ಮುಂಚೆ ಇನ್‌ಪುಟ್ ಏರಿಸ್ತಾ ಹೋದ್ರೆ ಏನಾಗುತ್ತೆ ಅಂತ ನಿಮಗೆ ಗೊತ್ತು. ಎರಡನೇ ರೀಡಿಂಗ್ 66. ಇನ್ನೂ 70 ಮುಟ್ಟಿಲ್ಲ, ಮತ್ತೆ ಮೂರು ಚಮಚ. ಮತ್ತೆ 15 ನಿಮಿಷ, 92. ಅಷ್ಟರಲ್ಲಿ ಅಪ್ಪ "ಏನಾಯ್ತೋ, ಇದ್ಯಾಕೆ ಎಲ್ಲ ಸುತ್ತ ನಿಂತಿದ್ದೀರ" ಅಂತ ಕೇಳಿದ್ರು. ಗದರಿದ್ದು ಅವರಿಗೆ ನೆನಪೇ ಇರಲಿಲ್ಲ.

ಸಕ್ಕರೆ ನೀರು ಏರಿಸಿದ್ದು ಬೇಗ ಇಳಿದುಹೋಗುತ್ತೆ, ಹಿಂದೆಯೇ ಊಟ ಬೇಕು. ಎಲೆ ಹಾಕಿಸಿ ಅನ್ನ ಸಾರು ಉಣ್ಣಿಸಿದ್ದಾಯ್ತು. ನೆಂಟರ ಲೆಕ್ಕದಲ್ಲಿ ಅಲ್ಲಿಗೆ ಕಥೆ ಮುಗೀತು. ಡಾಕ್ಟರಿಗೆ ಫೋನ್ ಮಾಡಿದಾಗ ಅವರು ಹೇಳಿದ್ದೇ ಬೇರೆ: "ಬೆಳಗಿನ ಮಾತ್ರೆ ಇನ್ನೂ ಒಳಗೆ ಕೆಲಸ ಮಾಡ್ತಿದೆ. ನಾಳೆ ಬೆಳಿಗ್ಗೆವರೆಗೂ ಮೂರು ಮೂರು ಗಂಟೆಗೊಮ್ಮೆ ನೋಡು. ಮತ್ತೆ 70ರ ಕೆಳಗೆ ಬಂದ್ರೆ ಕಾಯಬೇಡ, ಆಸ್ಪತ್ರೆಗೆ ಕರ್ಕೊಂಡು ಹೋಗಿ ಅಡ್ಮಿಟ್ ಮಾಡು." ಈ ಗುಂಪಿನ ಮಾತ್ರೆಯಿಂದ ಆದ ಲೋ ಶುಗರ್ ಸರಿಹೋಯ್ತು ಅನ್ನೋ ಹೊತ್ತಿಗೆ ಮತ್ತೆ ಮರುಕಳಿಸಬಹುದು, ಅದಕ್ಕೇ ಹೀಗೆ. ಸಂಜೆ 7ಕ್ಕೆ 81 ಇತ್ತು, ಆಗಲೇ ರಾತ್ರಿ ಊಟ ಕೊಟ್ಟೆ. ರಾತ್ರಿ 10ಕ್ಕೆ 124, ಬೆಳಗಿನ ಜಾವ 2ಕ್ಕೆ 97. ಆ 2 ಗಂಟೆ ರೀಡಿಂಗಿಗೆ ಎಬ್ಬಿಸಿದಾಗ ಅಪ್ಪ ಬೈದ್ರು. ಅದು ಸರಿಯಾದ ಬೈಗುಳ, ಪ್ರಜ್ಞೆ ಇರೋರ ಬೈಗುಳ. ಖುಷಿಯಾಯ್ತು.

ಮಾರನೇ ದಿನ ಕ್ಲಿನಿಕ್ಕಿಗೆ ಹೋದಾಗ ಡಾಕ್ಟರ್ ಎರಡು ಟೆಸ್ಟ್ ಬರೆದ್ರು. ಒಂದು ಕ್ರಿಯಾಟಿನಿನ್, ಕಿಡ್ನಿಗೆ. ವಯಸ್ಸಾದಂತೆ ಕಿಡ್ನಿ ನಿಧಾನ ಆಗುತ್ತೆ. ಹತ್ತು ವರ್ಷದ ಹಿಂದೆ ಸರಿಯಾಗಿದ್ದ ಡೋಸೇ ಈಗ ದೇಹದಲ್ಲಿ ಹೆಚ್ಚು ಹೊತ್ತು ಉಳಿದು ಜಾಸ್ತಿಯಾಗಬಹುದು. ಇನ್ನೊಂದು ಎಚ್‌ಬಿಎ1ಸಿ, ಮೂರು ತಿಂಗಳ ಸರಾಸರಿ. ಅದು 6.3 ಬಂತು. ನಾನು, ಅಪ್ಪ ಇಬ್ಬರೂ ಡಿಸ್ಟಿಂಕ್ಷನ್ ಬಂದ ಹಾಗೆ ನೋಡಿದ್ವಿ. ಡಾಕ್ಟರಿಗೆ ಅದು ಇಷ್ಟ ಆಗಲಿಲ್ಲ. ಈ ವಯಸ್ಸಲ್ಲಿ, ಈ ಮಾತ್ರೆ ಮೇಲೆ ಇರೋರಿಗೆ 6.3 ಅಂದ್ರೆ ನಮ್ಮ ಕಣ್ಣಿಗೆ ಬೀಳದೆ ಎಷ್ಟೋ ಸಲ ಶುಗರ್ ತೀರಾ ಕೆಳಗೆ ಹೋಗಿ ಬಂದಿರಬಹುದು ಅಂತ ಅರ್ಥ. ಸರಾಸರಿ ಚೆನ್ನಾಗಿದ್ರೆ ಸಾಲದು, ವೇರಿಯನ್ಸೂ ನೋಡಬೇಕು ಅನ್ನೋದು ಮೇಷ್ಟ್ರಿಗೆ ತಕ್ಷಣ ಅರ್ಥ ಆಯ್ತು. ಬೆಳಿಗ್ಗೆ ಎದ್ದಾಗ ತಲೆನೋವು, ರಾತ್ರಿ ಬನಿಯನ್ ಒದ್ದೆ, ಕೆಟ್ಟ ಕನಸು ಇದೆಯಾ ಅಂತ ಡಾಕ್ಟರ್ ಕೇಳಿದ್ರು. "ಇದೆ, ಅದು ವಯಸ್ಸಿಗೆ ಅಂದ್ಕೊಂಡಿದ್ದೆ" ಅಂದ್ರು ಅಪ್ಪ. ಗ್ಲಿಮೆಪಿರೈಡ್ 2 ಮಿಲಿಗ್ರಾಂನಿಂದ 1ಕ್ಕೆ ಇಳೀತು. ಮೂರು ತಿಂಗಳಾದ ಮೇಲೆ ಎಚ್‌ಬಿಎ1ಸಿ 7.2 ಬಂತು, ಡಾಕ್ಟರಿಗೆ ಸಮಾಧಾನ. ನೆಂಟರಿಗೆ ಮಾತ್ರ ಇವತ್ತಿಗೂ ಶುಗರ್ ಜಾಸ್ತಿಯಾಗಿರೋ ಹಾಗೇ ಕಾಣುತ್ತೆ.

ಡೋಸ್ ಇಳಿಸೋದು ಏರಿಸೋದು ಡಾಕ್ಟರ ಕೆಲಸ, ಅದರಲ್ಲಿ ನಾನು ಕೈ ಹಾಕಲ್ಲ. ನಮ್ಮ ಕೈಲಿರೋದು ಗಡಿಯಾರ. ಈಗ ಮದುವೆ ಮನೆಗೆ ಹೋದ್ರೆ 12:45ಕ್ಕೆ ನಾನೇ ಭಟ್ಟರ ಹತ್ತಿರ ಹೋಗಿ ಒಂದು ತಟ್ಟೆ ಹಾಕಿಸಿಕೊಂಡು ಒಳಗಿನ ರೂಮಲ್ಲಿ ಅಪ್ಪನಿಗೆ ಕೊಡ್ತೀನಿ. ಬೀಗರಿಗೂ ಗೊತ್ತಾಗಲ್ಲ, ಮರ್ಯಾದೆಯೂ ಉಳಿಯುತ್ತೆ. ಆಮೇಲೆ ಪಂಕ್ತೀಲಿ ಕೂತು ಶಾಸ್ತ್ರಕ್ಕೆ ಒಂದು ತುತ್ತು. ಅವರ ಷರಟಿನ ಜೇಬಲ್ಲಿ ಗ್ಲೂಕೋಸ್ ಪುಡಿಯ ಸಣ್ಣ ಪೊಟ್ಟಣ, ಮೂರು ಚಮಚ ಅಳತೆ ಮಾಡಿದ್ದು, ಯಾವಾಗಲೂ ಇರುತ್ತೆ. ವಾಂತಿ ಭೇದಿ ಆಗಿ ಊಟ ಸೇರದ ದಿನ ಮಾತ್ರೆ ನುಂಗೋ ಮುಂಚೆ ಡಾಕ್ಟರಿಗೆ ಫೋನ್ ಮಾಡ್ತೀವಿ.

ಬೆವರು ಅಂದ ತಕ್ಷಣ ಲೋ ಶುಗರ್ ಅಂತಲೇ ನಿರ್ಧಾರ ಮಾಡೋ ಹಾಗೂ ಇಲ್ಲ. ಬೆವರು ಇದೆ, ಉಸಿರು ಕಟ್ಟುತ್ತಿದೆ, ಸುಸ್ತು ಇದೆ, ಮೀಟರ್ ನೋಡಿದ್ರೆ ಶುಗರ್ ಸರಿಯಾಗೇ ಇದೆ ಅಂದ್ರೆ ಅದು ಹೃದಯದ್ದಿರಬಹುದು. ಶುಗರ್ ಇರೋರಲ್ಲಿ ಎದೆನೋವೇ ಇಲ್ಲದೆ ಹಾರ್ಟ್ ಅಟ್ಯಾಕ್ ಆಗೋದುಂಟು, ನರಗಳು ಹಾಳಾಗಿರೋದೂ ಒಂದು ಕಾರಣ. ಆಗ ಸಕ್ಕರೆ ಅಲ್ಲ, ಆಂಬುಲೆನ್ಸ್. ಇನ್ನೊಂದು ತುದಿಯದ್ದೂ ಇದೆ. ಜ್ವರವೋ ಸೋಂಕೋ ಬಂದು ಶುಗರ್ 300 ದಾಟಿ ಇಳಿಯದೆ, ಪದೇ ಪದೇ ಮೂತ್ರ, ಒಣಗಿದ ನಾಲಿಗೆ, ಮಂಪರು ಕಂಡ್ರೆ ಅದೇ ದಿನ ಆಸ್ಪತ್ರೆ. ವಯಸ್ಸಾದವರಿಗೆ ಬಾಯಾರಿಕೆ ಅಷ್ಟಾಗಿ ಗೊತ್ತಾಗಲ್ಲ, ನೀರು ಕೇಳದೇ ಇರೋದನ್ನ ನಂಬೋಕಾಗಲ್ಲ.

ನರ ಅಂದೆನಲ್ಲ, ಕಾಲಿನ ಕಥೆ ಅಲ್ಲಿಂದಲೇ. ಆ ಕ್ಲಿನಿಕ್ಕಲ್ಲಿ ಡಾಕ್ಟರ್ ಒಂದು ಚಿಕ್ಕ ನೈಲಾನ್ ಎಳೆ ತಗೊಂಡು ಅಪ್ಪನ ಪಾದದ ಮೇಲೆ ಅಲ್ಲಲ್ಲಿ ಒತ್ತಿದ್ರು. ಅದರ ಹೆಸರು ಮೊನೊಫಿಲಮೆಂಟ್, 10 ಗ್ರಾಂನದ್ದು. ನೋಡಿದ ಕೂಡಲೇ ನನಗೆ ನಮ್ಮ ಸ್ಟ್ರೆಂತ್ ಆಫ್ ಮಟೀರಿಯಲ್ಸ್ ಕ್ಲಾಸ್ ನೆನಪಾಯ್ತು. ಅದು ಬಕ್ಲಿಂಗ್ ಅಷ್ಟೇ ಕಣ್ರೀ! ತೆಳ್ಳನೆ ಕಂಬದ ಮೇಲೆ ಭಾರ ಒಂದು ಮಿತಿ ಮುಟ್ಟಿದ್ರೆ ಬಾಗುತ್ತೆ, ಬಾಗಿದ ಮೇಲೆ ಎಷ್ಟು ಒತ್ತಿದ್ರೂ ತುದೀಲಿ ಬೀಳೋ ಬಲ ಹೆಚ್ಚುಕಡಿಮೆ ಅಷ್ಟೇ. ಹಾಗಾಗಿ ಯಾರು ಒತ್ತಿದ್ರೂ ಪಾದಕ್ಕೆ ತಾಗೋದು 10 ಗ್ರಾಂ. ಆ ಬಲ ಗೊತ್ತಾಗದಿದ್ರೆ, ಗಾಯ ಆದಾಗ ಎಚ್ಚರಿಸೋ ಮಟ್ಟದ ಸ್ಪರ್ಶ ಆ ಪಾದದಲ್ಲಿ ಉಳಿದಿಲ್ಲ ಅಂತ. ಅಪ್ಪನಿಗೆ ಎಡಗಾಲಿನ ಮೂರು ಜಾಗದಲ್ಲಿ ಗೊತ್ತಾಗಲಿಲ್ಲ. ಕಣ್ಣು ಮುಚ್ಚಿ "ಇನ್ನೂ ಶುರು ಮಾಡಿಲ್ವಾ ಡಾಕ್ಟ್ರೇ?" ಅಂದ್ರು. ನನಗೆ ಹೊಟ್ಟೇಲಿ ಏನೋ ಆಯ್ತು.

ಮನೇಲಿ ಮಾಡೋಕೆ ಎಳೆಯೂ ಬೇಡ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಹೆಸರಲ್ಲಿ ಒಂದು ಟೆಸ್ಟ್ ಇದೆ. ಅವರು ಕಣ್ಣು ಮುಚ್ಚಿರಬೇಕು. ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳಿನ ತುದಿಯನ್ನ ನಿಮ್ಮ ತೋರುಬೆರಳಿಂದ ಹಗುರವಾಗಿ, ಒಂದೆರಡು ಸೆಕೆಂಡ್ ಮುಟ್ಟಬೇಕು. ಒತ್ತಬಾರದು, ಸವರಬಾರದು, ಕಚಗುಳಿ ಇಡಬಾರದು. ಆರರಲ್ಲಿ ಎರಡು ಅಥವಾ ಹೆಚ್ಚು ಗೊತ್ತಾಗದಿದ್ರೆ ಡಾಕ್ಟರಿಗೆ ಪಾದ ತೋರಿಸಬೇಕು.

ಸ್ಪರ್ಶ ಹೋದ ಕಾಲಿಗೆ ಕಣ್ಣೇ ಸೆನ್ಸರ್. ಅಪ್ಪನಿಗೆ ಬಗ್ಗಿ ಅಂಗಾಲು ನೋಡಿಕೊಳ್ಳೋಕೆ ಆಗಲ್ಲ, ಕಣ್ಣೂ ಅಷ್ಟಕ್ಕಷ್ಟೇ. ಹಾಗಾಗಿ ರಾತ್ರಿ ಊಟ ಆದ ಮೇಲೆ ಅವರು ಸೋಫಾ ಮೇಲೆ, ನಾನು ನೆಲದ ಮೇಲೆ, ಮೊಬೈಲ್ ಟಾರ್ಚ್ ಹಾಕಿ ನೋಡ್ತೀನಿ. ಮೊದಮೊದಲು ಕಾಲು ಕೊಡೋಕೆ ಒಪ್ಪಲಿಲ್ಲ. "ದಿನಾ ಕಾಲು ಹಿಡಿದ್ರೆ ದಿನಾ ಆಶೀರ್ವಾದ ಮಾಡಬೇಕಾಗುತ್ತೆ, ಸ್ಟಾಕ್ ಇಲ್ಲ" ಅಂತಿದ್ರು. ಬೆರಳುಗಳ ಸಂದು ಮುಖ್ಯ, ಅಲ್ಲಿ ಒದ್ದೆ ಉಳಿದು ಚರ್ಮ ಬೆಳ್ಳಗೆ ಬಿರಿಯುತ್ತೆ. ಹಿಮ್ಮಡಿ ಒಡಕು, ಆಣಿ, ಹೊಸ ಗುಳ್ಳೆ, ಬಣ್ಣ ಬದಲಾಗಿದೆಯಾ ನೋಡಬೇಕು. ಎರಡೂ ಪಾದಕ್ಕೆ ಕೈ ಹಿಂಭಾಗ ತಾಗಿಸಿ ಒಂದು ಪಾದ ಇನ್ನೊಂದಕ್ಕಿಂತ ಬಿಸಿ ಇದೆಯಾ ನೋಡಬೇಕು. ಗಾಯ ಇಲ್ಲದೆಯೂ ಒಂದೇ ಪಾದ ಊದಿ, ಕೆಂಪಾಗಿ, ಬಿಸಿಯಾಗಿದ್ರೆ ಒಳಗೆ ಮೂಳೆಗೇ ತೊಂದರೆ ಶುರುವಾಗಿರಬಹುದು, ಅದಕ್ಕೂ ಅದೇ ದಿನ ಡಾಕ್ಟರ್. ಆಮೇಲೆ ಕೊಬ್ಬರಿ ಎಣ್ಣೆ, ಬೆರಳ ಸಂದಿಗೆ ಬಿಟ್ಟು. ಆಣಿಯನ್ನ ಬ್ಲೇಡಲ್ಲಿ ಕೊಯ್ಯೋದು, ನೋವಿಗೆ ಬಿಸಿನೀರಲ್ಲಿ ಕಾಲಿಡೋದು ನಮ್ಮ ಮನೇಲಿ ಬಂದ್.

ಎರಡನೇ ತಿಂಗಳ ಕೊನೇಲಿ ಒಂದು ರಾತ್ರಿ ಎಡಪಾದದ ಮುಂಭಾಗದಲ್ಲಿ, ಹೆಬ್ಬೆರಳ ಬುಡದ ಕೆಳಗೆ, ಸಾಸಿವೆಯಷ್ಟು ಕಪ್ಪು ಚುಕ್ಕೆ ಕಂಡಿತು. ಸುತ್ತ ಸ್ವಲ್ಪ ಕೆಂಪು. ಒತ್ತಿದ್ರೆ ಒಂದು ಹನಿ ನೀರು ಬಂತು. "ನೋವಾಗ್ತಿದೆಯಾ?" "ಇಲ್ವಲ್ಲೋ." ಬೇರೆಯವರಾಗಿದ್ರೆ ನೋವಿಲ್ಲ ಅನ್ನೋದು ಒಳ್ಳೇ ಸುದ್ದಿ. ಇಲ್ಲಿ ಅದೇ ಕೆಟ್ಟ ಸುದ್ದಿ. ಬಾಗಿಲ ಹತ್ತಿರ ಹೋಗಿ ಅವರ ಚಪ್ಪಲಿ ತಗೊಂಡು ಒಳಗೆ ಬೆರಳಾಡಿಸಿದೆ, ಚುಚ್ಚಿತು. ಜಾಲಿ ಮುಳ್ಳು ಅಟ್ಟೆ ತೂರಿ ಮೇಲೆ ಬಂದಿತ್ತು. ಅಪ್ಪ ಅದೇ ಚಪ್ಪಲಿ ಹಾಕಿಕೊಂಡು ಎಷ್ಟು ದಿನದಿಂದ ಬೆಳಿಗ್ಗೆ ವಾಕಿಂಗ್ ಹೋಗಿದ್ರೋ, ಪ್ರತಿ ಹೆಜ್ಜೆಗೂ ಒಂದು ಚುಚ್ಚು.

ಮನೇಲಿ ಅರಿಶಿನ ಹಚ್ಚಲಿಲ್ಲ, ಹಿಂಡಲಿಲ್ಲ. ಶುದ್ಧ ನೀರಲ್ಲಿ ತೊಳೆದು ಗಾಜ್ ಮುಚ್ಚಿ ಬೆಳಿಗ್ಗೆ ಮೊದಲು ಕ್ಲಿನಿಕ್. ಅಲ್ಲಿ ಸತ್ತ ಚರ್ಮ ತೆಗೆದು ಕ್ಲೀನ್ ಮಾಡಿ, ಟಿಟಿ ಚುಚ್ಚಿ, ಆಂಟಿಬಯಾಟಿಕ್ ಕೊಟ್ರು. ಔಷಧಕ್ಕಿಂತ ಕಷ್ಟ ಆಗಿದ್ದು ಆ ಕಾಲಿನ ಮುಂಭಾಗದ ಮೇಲೆ ಭಾರ ಹಾಕಬಾರದು ಅನ್ನೋದು. ಗಾಯ ಮಾಗೋಕೆ ಒತ್ತಡ ತೆಗೀಬೇಕು, ನೋವಿದ್ರೆ ಯಾರಾದ್ರೂ ತಾವಾಗೇ ಕುಂಟುತ್ತಾರೆ, ಅಪ್ಪನಿಗೆ ನೋವೇ ಇಲ್ಲ, ಧಾರಾಳವಾಗಿ ನಡೀತಾರೆ. ಮುಂಭಾಗಕ್ಕೆ ನೆಲ ತಾಗದ ಹಾಗಿನ ಒಂದು ಸ್ಯಾಂಡಲ್ ಕೊಟ್ರು, ವಾಕಿಂಗ್ ನಿಲ್ಲಿಸಿದ್ರು. 19 ದಿನಕ್ಕೆ ಮುಚ್ಚಿತು. ಬೆನ್ನಟ್ಟಿ ಹೋಗಿ ಕೂರಿಸಿದ್ದು ಎಷ್ಟು ಸಲವೋ ಲೆಕ್ಕ ಇಲ್ಲ.

ಆಮೇಲೆ ಹೊಸ ಚಪ್ಪಲಿ. ಉಂಗುಷ್ಟದ ಚಪ್ಪಲಿ ಬೇಡ ಅಂದ್ರು ಡಾಕ್ಟರ್. ಸ್ಪರ್ಶ ಇಲ್ಲದ ಕಾಲಿಂದ ಅದು ಜಾರಿಹೋದ್ರೂ ಗೊತ್ತಾಗಲ್ಲ, ಬೆರಳ ಸಂದಿಗೆ ಉಜ್ಜುತ್ತೆ. ಒಳಗೆ ಎಂಸಿಆರ್ ಅನ್ನೋ ಮೆತ್ತನೆ ರಬ್ಬರ್, ಹೊರಗೆ ಗಟ್ಟಿ ಅಟ್ಟೆ, ಹಿಂದೆ ಪಟ್ಟಿ, ಮೇಲೆ ವೆಲ್ಕ್ರೋ ಇರೋದು ತಗೊಂಡ್ವಿ. ಸಂಜೆ ಹೊತ್ತು ಹೋಗಿ ತಗೊಂಡ್ವಿ, ಆಗ ಕಾಲು ಸ್ವಲ್ಪ ಊದಿರುತ್ತೆ, ಆ ಅಳತೆಗೆ ತಗೊಂಡ್ರೆ ಬಿಗಿಯಾಗಲ್ಲ. ಮನೆ ಒಳಗೂ ಒಂದು ಜೊತೆ. ದೇವಸ್ಥಾನದ್ದೇ ದೊಡ್ಡ ಚರ್ಚೆಯಾಯ್ತು. ಬೇಸಿಗೆ ಮಧ್ಯಾಹ್ನ ಪ್ರಾಕಾರದ ಕಲ್ಲು ಕಾದು ಅಂಗಾಲು ಸುಟ್ಟು ಬೊಬ್ಬೆ ಬಂದ್ರೂ ಇಂಥವರಿಗೆ ತಿಳಿಯಲ್ಲ. ಬೆಳಿಗ್ಗೆ 8ರ ಒಳಗೆ, ದಪ್ಪ ಬಿಳಿ ಕಾಟನ್ ಸಾಕ್ಸ್ ಹಾಕ್ಕೊಂಡು ಹೋಗೋದು ಅಂತ ಒಪ್ಪಂದ. ಬಿಳಿ ಯಾಕೆ ಅಂದ್ರೆ ರಕ್ತವೋ ಕೀವೋ ಒಸರಿದ್ರೆ ಕಲೆ ಕಾಣುತ್ತೆ.

ಅಮ್ಮ ಹುಬ್ಬಳ್ಳಿಯಿಂದ ಬಂದ ದಿನ ಅಪ್ಪ ಆ ವೆಲ್ಕ್ರೋ ಚಪ್ಪಲಿ ತೋರಿಸಿ "ನೋಡೇ, ನಿನ್ನ ಮಗ ನನ್ನನ್ನ ಎಲ್‌ಕೆಜಿಗೆ ಸೇರಿಸಿದ್ದಾನೆ" ಅಂತ ದೂರು ಕೊಟ್ರು. ಅಮ್ಮ ಚಪ್ಪಲಿ ನೋಡಲಿಲ್ಲ, ಕಾಲು ನೋಡಿದ್ರು. ಆಮೇಲೆ ಗಡಿಯಾರ ನೋಡಿ, ಒಂದು ಗಂಟೆ ಆಯ್ತು, ತಟ್ಟೆ ಹಾಕು ಅಂದ್ರು.